ಸ್ಫೂರ್ತಿ ಲೇಖನದಿಂದ ಪೊಳ್ಳು ಮಾತು ತೆಗೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕನ್ನಡದಲ್ಲಿ ಒಂದೇ ಥರದ ಲೇಖನಗಳು ಬರುತ್ತವೆ. ಫೇಲಾದ ಮಕ್ಕಳಿಗೆ ಧೈರ್ಯ ಹೇಳುವ ಲೇಖನಗಳು. ಬರೆದವರ ಕಾಳಜಿ ನಿಜವೇ. ಆದರೆ ಅದನ್ನು ಓದಿ ಮುಗಿಸಿದ ಹುಡುಗನಿಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಬರಹಗಾರರಿಗೆ "ಪೊಳ್ಳು ಮಾತು ತೆಗೆಯಿರಿ" ಅಂತ ಹೇಳಿದರೆ ಬಹಳ ಜನ ಒಂದು ಸವೆದ ಮಾತನ್ನು ತೆಗೆದು ಅದೇ ಅರ್ಥದ ಇನ್ನೊಂದನ್ನು ಹಾಕುತ್ತಾರೆ. ಸಮಸ್ಯೆ ಇರುವುದು ಪದದಲ್ಲಲ್ಲ, ಕೆಲಸದ ಕ್ರಮದಲ್ಲಿ. ಆ ಕ್ರಮವನ್ನು ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಇಲ್ಲಿ ಮಾಡಿ ತೋರಿಸುತ್ತೇನೆ.

## ಏನೇನು ಬೇಕು

ಲೇಖನದ ಒಂದು ಪ್ರಿಂಟ್, ಎರಡು ಬಣ್ಣದ ಪೆನ್ನು, ಒಂದು ಖಾಲಿ ಹಾಳೆ. ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇವುಗಳ ಜೊತೆಗೆ ಫೋನ್ ಮಾಡಿದರೆ ಮಾತಿಗೆ ಸಿಗುವ ಒಬ್ಬ ವ್ಯಕ್ತಿ ಬೇಕು. ಲೇಖನ ಯಾರಿಗಾಗಿಯೋ ಅವರ ಜೊತೆ ದಿನವೂ ಕೆಲಸ ಮಾಡುವವರು. ನಮ್ಮ ಉದಾಹರಣೆಗೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಸಾಕು. ಈ ವ್ಯಕ್ತಿ ಇಲ್ಲದಿದ್ದರೆ ಐದನೇ ಹಂತದಲ್ಲಿ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ.

ತಿದ್ದಬೇಕಾದ ತುಣುಕು ಇದು. ಇದನ್ನು ನಾನೇ ಕಟ್ಟಿದ್ದೇನೆ, ಆದರೆ ಇದರ ಪ್ರತಿ ವಾಕ್ಯವನ್ನೂ ನೀವು ಎಲ್ಲೋ ಓದಿರುತ್ತೀರಿ:

> ಸೋಲು ಅಂತ್ಯವಲ್ಲ, ಸೋಲೇ ಗೆಲುವಿನ ಸೋಪಾನ. ಜಗತ್ತಿನ ಪ್ರತಿಯೊಬ್ಬ ಸಾಧಕನೂ ಒಂದಲ್ಲ ಒಂದು ದಿನ ಸೋತವನೇ. ಅಬ್ದುಲ್ ಕಲಾಂ ಸೋಲಿಗೆ ಹೆದರಿದ್ದರೆ ಇಂದು ನಾವು ಅವರನ್ನು ನೆನೆಯುತ್ತಿರಲಿಲ್ಲ. ಆತ್ಮವಿಶ್ವಾಸವೊಂದಿದ್ದರೆ ಅಸಾಧ್ಯವೆಂಬುದು ಯಾವುದೂ ಇಲ್ಲ. ಪರಿಶ್ರಮಪಟ್ಟರೆ ಫಲ ಕಟ್ಟಿಟ್ಟ ಬುತ್ತಿ. ಎದ್ದೇಳಿ, ನಿಮ್ಮೊಳಗಿನ ಶಕ್ತಿಯನ್ನು ಗುರುತಿಸಿ, ಮುನ್ನಡೆಯಿರಿ. ಅಂಕಗಳು ಬದುಕನ್ನು ನಿರ್ಧರಿಸುವುದಿಲ್ಲ.

## ಹಂತ 1: ಓದುವವರು ಯಾರು, ನಾಳೆ ಏನು ಮಾಡಬೇಕು

ಲೇಖನವನ್ನು ಮುಟ್ಟುವ ಮೊದಲು ಖಾಲಿ ಹಾಳೆಯ ಮೇಲೆ ಎರಡು ಸಾಲು ಬರೆಯಿರಿ. ಓದುವವರು ಯಾರು? ಓದಿದ ಮೇಲೆ ಅವರು ಏನು ಮಾಡಬೇಕು?

ಮೊದಲ ಸಾಲಿಗೆ "ವಿದ್ಯಾರ್ಥಿಗಳು" ಅಂತ ಬರೆದರೆ ಸಾಲದು. ಎಲ್ಲಾ ವಿಷಯಗಳಲ್ಲಿ ಫೇಲಾದ ಹುಡುಗಿಗೂ ಗಣಿತ ಒಂದರಲ್ಲೇ ಫೇಲಾದ ಹುಡುಗನಿಗೂ ಹೇಳುವ ಮಾತು ಬೇರೆ ಬೇರೆ. ನಾವು ಇಲ್ಲಿ ಒಬ್ಬರನ್ನು ಆರಿಸಿಕೊಳ್ಳೋಣ: ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಗಣಿತದಲ್ಲಿ ಮಾತ್ರ ಫೇಲಾದ, ಸರ್ಕಾರಿ ಶಾಲೆಯ ಹುಡುಗ. ಎರಡನೇ ಸಾಲು: ಪರೀಕ್ಷೆ-2ಕ್ಕೆ ಹೆಸರು ಕೊಡಬೇಕು, ತನ್ನ ಉತ್ತರ ಪತ್ರಿಕೆಯಲ್ಲಿ ಅಂಕ ಎಲ್ಲಿ ಹೋಯಿತು ಅಂತ ನೋಡಬೇಕು.

ಈ ಹಂತವನ್ನು ಬಿಟ್ಟು ನೇರ ಕತ್ತರಿಸಲು ಹೋಗುವವರೇ ಜಾಸ್ತಿ. ಆಗ ಏನಾಗುತ್ತದೆ ಅಂದರೆ, ಪೊಳ್ಳು ಮಾತು ಹೋದ ಜಾಗದಲ್ಲಿ ಏನು ತುಂಬಬೇಕು ಅಂತ ಗೊತ್ತಾಗದೆ ಮತ್ತೆ ಅದೇ ಮಾತು ವಾಪಸ್ ಬರುತ್ತದೆ.

## ಹಂತ 2: ಗುರುತು ಮಾತ್ರ ಹಾಕಿ, ಅಳಿಸಬೇಡಿ

ಈಗ ಪ್ರಿಂಟ್ ತೆಗೆದುಕೊಳ್ಳಿ. ಒಂದು ಬಣ್ಣದಲ್ಲಿ ಸವೆದ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಇನ್ನೊಂದು ಬಣ್ಣದಲ್ಲಿ "ಎಲ್ಲರಿಗೂ, ಯಾವಾಗಲೂ, ಎಲ್ಲೆಡೆ" ಎನ್ನುವ ದೊಡ್ಡ ಹೇಳಿಕೆಗಳ ಸುತ್ತ ಚೌಕ ಹಾಕಿ. ಇವೆರಡೂ ಬೇರೆ ಬೇರೆ ಕಾಯಿಲೆ, ಅದಕ್ಕೇ ಎರಡು ಬಣ್ಣ. ಸವೆದ ಮಾತನ್ನು ಹೆಚ್ಚಿನ ಸಲ ತೆಗೆದೇ ಹಾಕಬೇಕು. ದೊಡ್ಡ ಹೇಳಿಕೆಯನ್ನು ಎಷ್ಟೋ ಸಲ ಚಿಕ್ಕದು ಮಾಡಿ ಉಳಿಸಿಕೊಳ್ಳಬಹುದು.

ಕನ್ನಡದಲ್ಲಿ ದೊಡ್ಡ ಹೇಳಿಕೆಗಳು ಪೂರ್ಣ ಪದದಲ್ಲಿ ಮಾತ್ರ ಇರುವುದಿಲ್ಲ, ಪದದ ಬಾಲದಲ್ಲೂ ಇರುತ್ತವೆ. ಕಣ್ಣಿಗೆ ಬೀಳದೆ ಉಳಿದುಬಿಡುವುದು ಇವೇ:

ಊ ಅಂತ ಮುಗಿಯುವವು. ಯಾರೂ, ಯಾವುದೂ, ಎಂದೂ, ಪ್ರತಿಯೊಬ್ಬನೂ, ಯಾರು ಬೇಕಾದರೂ. ಒಂದು ದೀರ್ಘ ಸ್ವರ ಇಡೀ ಜಗತ್ತನ್ನು ವಾಕ್ಯದೊಳಗೆ ಎಳೆದು ತರುತ್ತದೆ.

ಏ ಅಂತ ಒತ್ತಿ ಹೇಳುವವು. "ಪರಿಶ್ರಮವೇ ಯಶಸ್ಸಿನ ಗುಟ್ಟು", "ಸೋಲೇ ಸೋಪಾನ". ಈ ಏ ಬಂದ ತಕ್ಷಣ ಬೇರೆ ಎಲ್ಲಾ ಕಾರಣಗಳೂ ಹೊರಗೆ ಹೋಗುತ್ತವೆ. ಮನೆಯಲ್ಲಿ ಓದಲು ಜಾಗ ಇತ್ತಾ, ಶಾಲೆಯಲ್ಲಿ ಗಣಿತದ ಮೇಷ್ಟ್ರು ವರ್ಷಪೂರ್ತಿ ಇದ್ದರಾ ಎಂಬುದಕ್ಕೆ ಲೆಕ್ಕವೇ ಇಲ್ಲ.

ಅರೆ ಎಂಬ ಷರತ್ತು, ಅದರ ಹಿಂದೆಯೇ ಖಾತ್ರಿ. "ಪರಿಶ್ರಮಪಟ್ಟರೆ ಫಲ ಕಟ್ಟಿಟ್ಟ ಬುತ್ತಿ." ಇದು ಮೂರರಲ್ಲಿ ಹೆಚ್ಚು ಅಪಾಯದ್ದು. ಶ್ರಮಪಟ್ಟೂ ಫೇಲಾದ ಹುಡುಗ ಇದನ್ನು ಓದಿದಾಗ ಅವನಿಗೆ ಕೇಳಿಸುವುದು "ನೀನು ಶ್ರಮಪಡಲಿಲ್ಲ" ಅಂತ. ಧೈರ್ಯ ಹೇಳಲು ಬರೆದ ವಾಕ್ಯ ಬೈಗುಳವಾಗುತ್ತದೆ.

ಕಂಪ್ಯೂಟರಿನಲ್ಲಿ ಹುಡುಕುವುದಾದರೆ ಪದದ ಮೂಲ ಭಾಗ ಮಾತ್ರ ಟೈಪ್ ಮಾಡಿ. "ಪ್ರತಿಯೊಬ್ಬ" ಅಂತ ಹುಡುಕಿದರೆ ಪ್ರತಿಯೊಬ್ಬರ, ಪ್ರತಿಯೊಬ್ಬರಿಗೂ ಎಲ್ಲವೂ ಸಿಗುತ್ತವೆ. "ಪ್ರತಿಯೊಬ್ಬರೂ" ಅಂತ ಪೂರ್ತಿ ಹಾಕಿದರೆ ಉಳಿದವು ತಪ್ಪಿಹೋಗುತ್ತವೆ. ಖಚಿತ, ಖಂಡಿತ, ಅಸಾಧ್ಯ, ಜಗತ್ತಿ, ಎಂದಿಗ, ನಿಮ್ಮೊಳಗ: ಇಷ್ಟು ಹುಡುಕಿದರೆ ದೊಡ್ಡ ಪಾಲು ಸಿಕ್ಕಿಬಿಡುತ್ತದೆ.

ನಮ್ಮ ತುಣುಕಿನಲ್ಲಿ ಏಳು ವಾಕ್ಯಗಳಿವೆ. ಏಳಕ್ಕೂ ಗುರುತು ಬೀಳುತ್ತದೆ. ಗಾಬರಿ ಆಗಬೇಡಿ, ಇಂಥ ಲೇಖನಗಳ ಮೊದಲ ಪ್ಯಾರಾ ಸಾಮಾನ್ಯವಾಗಿ ಹೀಗೇ ಇರುತ್ತದೆ.

## ಹಂತ 3: ಓದುಗನನ್ನು ಬದಲಿಸಿ ನೋಡಿ

ಗುರುತು ಹಾಕಿದ ಪ್ರತಿ ವಾಕ್ಯವನ್ನೂ ಬೇರೆಯವರಿಗೆ ಹೇಳಿದ ಹಾಗೆ ಓದಿ. ಅಂಗಡಿ ಮುಚ್ಚಿದ ವ್ಯಾಪಾರಿಗೆ, ಪಂದ್ಯ ಸೋತ ಕಬಡ್ಡಿ ತಂಡಕ್ಕೆ, ಚುನಾವಣೆ ಸೋತ ಅಭ್ಯರ್ಥಿಗೆ. ವಾಕ್ಯದಲ್ಲಿ ಒಂದಕ್ಷರವೂ ಬದಲಾಗದೆ ಎಲ್ಲರಿಗೂ ಹೊಂದಿದರೆ ಅದು ನಿಮ್ಮ ಹುಡುಗನಿಗೆ ಏನೂ ಹೇಳುತ್ತಿಲ್ಲ.

"ಎದ್ದೇಳಿ, ಮುನ್ನಡೆಯಿರಿ" ಮೂವರಿಗೂ ಸರಿಹೋಗುತ್ತದೆ. ಅಳಿಸಿ. "ಸೋಲೇ ಗೆಲುವಿನ ಸೋಪಾನ" ಕೂಡ ಹಾಗೇ. "ಆತ್ಮವಿಶ್ವಾಸವೊಂದಿದ್ದರೆ" ಕೂಡ. ಪರಿಶ್ರಮದ ವಾಕ್ಯವನ್ನು ಮುಂದಿನ ಹಂತಕ್ಕೆ ಬಿಡಿ. ಅದು ಬಿಟ್ಟರೆ ಉಳಿಯುವುದು ಎರಡೇ: ಕಲಾಂ ಅವರ ವಾಕ್ಯ ಮತ್ತು ಅಂಕಗಳ ವಾಕ್ಯ. ಅವೂ ಈಗಿರುವ ರೂಪದಲ್ಲಿ ಪೊಳ್ಳೇ, ಆದರೆ ಒಳಗೆ ನಿಜವಾದ ವಿಷಯವಿದೆ. ಒಂದರಲ್ಲಿ ನಿಜವಾಗಿ ನಡೆದ ಘಟನೆ, ಇನ್ನೊಂದರಲ್ಲಿ ಹುಡುಗನ ನಿಜವಾದ ಭಯ.

ಒಂದು ಎಚ್ಚರಿಕೆ. "ಎಲ್ಲರಿಗೂ" ಎಂಬ ಪದ ಇದ್ದ ಮಾತ್ರಕ್ಕೆ ವಾಕ್ಯ ಕೆಟ್ಟದಾಗುವುದಿಲ್ಲ. "ಪರೀಕ್ಷೆ-1ರಲ್ಲಿ ಪಾಸಾಗದ ಎಲ್ಲರಿಗೂ ಪರೀಕ್ಷೆ-2ರ ಅವಕಾಶ ಇದೆ" ಎಂಬಲ್ಲಿ ಆ ಪದ ತನ್ನ ಕೆಲಸ ಮಾಡುತ್ತಿದೆ. ಅದನ್ನು ಹಾಗೇ ಬಿಡಿ.

## ಹಂತ 4: ದೊಡ್ಡ ಹೇಳಿಕೆಯನ್ನು ಚಿಕ್ಕದು ಮಾಡಿ

"ಅಂಕಗಳು ಬದುಕನ್ನು ನಿರ್ಧರಿಸುವುದಿಲ್ಲ." ಈ ವಾಕ್ಯ ನಿಜವಾ? ಪೂರ್ತಿ ಅಲ್ಲ. ಪಿಯುಸಿಗೆ ಸೇರಲು ಅಂಕ ಬೇಕು. ಯಾವ ಕಾಲೇಜು ಸಿಗುತ್ತದೆ ಎಂಬುದನ್ನೂ ಅಂಕ ನಿರ್ಧರಿಸುತ್ತದೆ. ಹುಡುಗನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವನು ಈ ವಾಕ್ಯವನ್ನು ನಂಬುವುದಿಲ್ಲ, ಆಮೇಲೆ ಬರುವ ಒಳ್ಳೆಯ ಮಾತನ್ನೂ ನಂಬುವುದಿಲ್ಲ.

ಚಿಕ್ಕದು ಮಾಡಲು ಮೂರು ಪ್ರಶ್ನೆ ಕೇಳಿ: ಯಾವ ಅಂಕ? ಯಾವ ನಿರ್ಧಾರ? ಎಲ್ಲಿಯವರೆಗೆ? ಉತ್ತರ ಹುಡುಕುತ್ತಾ ಹೋದರೆ ವಾಕ್ಯ ಹೀಗಾಗುತ್ತದೆ: "ಗಣಿತದ ಈ ಅಂಕ ಇನ್ನೂ ಕೊನೆಯದಲ್ಲ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ನೀನು ಗಣಿತ ಒಂದನ್ನೇ ಮತ್ತೆ ಬರೆಯಬಹುದು. ಪಾಸಾದರೆ ಇದೇ ವರ್ಷ ಪಿಯುಸಿ ಸೇರಬಹುದು."

ನೋಡಿ, ಇದರಲ್ಲಿ ಧೈರ್ಯದ ಒಂದು ಪದವೂ ಇಲ್ಲ. ಆದರೂ ಧೈರ್ಯ ಬರುತ್ತದೆ, ಯಾಕೆಂದರೆ "ಒಂದು ವರ್ಷ ಹೋಯಿತು" ಎಂಬ ಅವನ ಭಯಕ್ಕೆ ನೇರ ಉತ್ತರ ಸಿಕ್ಕಿದೆ.

"ಪರಿಶ್ರಮಪಟ್ಟರೆ ಫಲ ಕಟ್ಟಿಟ್ಟ ಬುತ್ತಿ" ಎಂಬುದನ್ನೂ ಹೀಗೇ ಚಿಕ್ಕದು ಮಾಡಬಹುದಾ? ಯಾವ ಪರಿಶ್ರಮ, ಎಷ್ಟು ದಿನ, ಯಾವ ಪಾಠ? ಮೇಷ್ಟ್ರನ್ನು ಕೇಳದೆ ಇದಕ್ಕೆ ಉತ್ತರ ಬರುವುದಿಲ್ಲ. ಉತ್ತರ ಸಿಗದ ಹೇಳಿಕೆಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಮುಂದಿನ ಹಂತದಲ್ಲೂ ಸಿಗದಿದ್ದರೆ ಅದನ್ನು ಅಳಿಸಬೇಕು.

## ಹಂತ 5: ಗೊತ್ತಿರುವವರನ್ನು ಕೇಳಿ

ಈಗ ಫೋನ್ ಮಾಡುವ ಸಮಯ. "ಮಕ್ಕಳಿಗೆ ಏನು ಸಲಹೆ ಕೊಡ್ತೀರಿ ಸರ್?" ಅಂತ ಕೇಳಬೇಡಿ. ಅವರೂ "ಧೈರ್ಯವಾಗಿರಬೇಕು" ಅಂತಲೇ ಹೇಳುತ್ತಾರೆ. ಪ್ರಶ್ನೆ ಪೊಳ್ಳಾಗಿದ್ದರೆ ಉತ್ತರವೂ ಪೊಳ್ಳು. ಬದಲಿಗೆ ಹೀಗೆ ಕೇಳಿ:

"ಗಣಿತದಲ್ಲಿ ಫೇಲಾದ ಹುಡುಗರು ಫಲಿತಾಂಶ ಬಂದ ಮೊದಲ ವಾರ ಏನು ತಪ್ಪು ಮಾಡ್ತಾರೆ?"
"ಕಡಿಮೆ ದಿನ ಇದ್ದಾಗ ನೀವು ಯಾವ ಪಾಠದಿಂದ ಶುರು ಮಾಡಿಸ್ತೀರಿ, ಯಾಕೆ?"

ಮೊದಲ ಪ್ರಶ್ನೆಗೆ ಬರಬಹುದಾದ ಉತ್ತರದಲ್ಲಿ ಬಹಳ ಜನ ಬರಹಗಾರರು ಬಿಟ್ಟುಬಿಡುವ ಒಂದು ವಿಷಯವಿದೆ. ಪರೀಕ್ಷಾ ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಬಹುದು. ಮರುಮೌಲ್ಯಮಾಪನ ಬೇಕೆಂದರೆ ಮೊದಲು ಈ ಪ್ರತಿ ಪಡೆದಿರಬೇಕು. ಇದಕ್ಕೆ ಆನ್‌ಲೈನ್ ಅರ್ಜಿ, ಶುಲ್ಕ, ಕೊನೆಯ ದಿನಾಂಕ ಇರುತ್ತದೆ, ದಿನಗಳು ಬಹಳ ಕಡಿಮೆ. "ಎದ್ದೇಳಿ" ಎಂಬ ವಾಕ್ಯ ಇದ್ದ ಜಾಗದಲ್ಲಿ ಈ ದಿನಾಂಕ ಇರಬೇಕಿತ್ತು, ಅಲ್ವಾ? ಲೇಖನ ಹಾಕುವ ದಿನ kseab.karnataka.gov.in ತಾಣದಲ್ಲಿ ಆ ವರ್ಷದ ದಿನಾಂಕ ಮತ್ತು ಶುಲ್ಕ ನೋಡಿ ಬರೆಯಿರಿ. ಕಳೆದ ವರ್ಷದ್ದನ್ನು ಎತ್ತಿ ಹಾಕಬೇಡಿ. ಸವೆದ ಮಾತು ಸಮಯ ಹಾಳು ಮಾಡುತ್ತದೆ ಅಷ್ಟೇ, ತಪ್ಪು ದಿನಾಂಕ ಅವಕಾಶವನ್ನೇ ಹಾಳು ಮಾಡುತ್ತದೆ.

ಎರಡನೇ ಪ್ರಶ್ನೆಗೆ ಒಬ್ಬೊಬ್ಬ ಮೇಷ್ಟ್ರು ಒಂದೊಂದು ಹೇಳಬಹುದು. ಒಬ್ಬರು ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆಯಿಂದ ಶುರು ಮಾಡಿಸುತ್ತಾರೆ, ಯಾಕೆಂದರೆ ಅವಕ್ಕೆ ಹಿಂದಿನ ಪಾಠಗಳ ಆಸರೆ ಕಡಿಮೆ ಸಾಕು. ಇನ್ನೊಬ್ಬರು ರೇಖಾತ್ಮಕ ಸಮೀಕರಣ ಹಿಡಿಯುತ್ತಾರೆ. ನೀವು ಎರಡನ್ನೂ ಬೆರೆಸಿ "ತಜ್ಞರ ಪ್ರಕಾರ" ಅಂತ ಬರೆಯಬೇಡಿ. ಒಬ್ಬರ ಮಾತು ತೆಗೆದುಕೊಳ್ಳಿ, ಅವರು ಹೇಳಿದ ಕಾರಣವನ್ನೂ ಜೊತೆಗೇ ಬರೆಯಿರಿ. ಕಾರಣ ಇದ್ದರೆ ಓದುವ ಹುಡುಗನಿಗೆ ಅದು ತನಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ.

## ಹಂತ 6: ದೊಡ್ಡವರ ಕಥೆಯನ್ನು ಬಿಚ್ಚಿ ನೋಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಸ್ಫೂರ್ತಿ ಲೇಖನಗಳಲ್ಲಿ ದೊಡ್ಡವರ ಹೆಸರು ಬರುವುದು ಹೆಚ್ಚಾಗಿ ಮೊಹರಿನ ಹಾಗೆ. ಹೆಸರು ಒತ್ತಿದರೆ ಮುಗಿಯಿತು, ಅವರು ಮಾಡಿದ್ದೇನು ಅಂತ ಯಾರೂ ಹೇಳುವುದಿಲ್ಲ.

"ಕಲಾಂ ಸೋಲಿಗೆ ಹೆದರಿದ್ದರೆ ಇಂದು ನಾವು ಅವರನ್ನು ನೆನೆಯುತ್ತಿರಲಿಲ್ಲ." ಇಲ್ಲಿ ಕೇಳಬೇಕಾದ ಪ್ರಶ್ನೆಗಳು: ಯಾವ ಸೋಲು? ಯಾವತ್ತು? ಸೋತದ್ದು ಯಾಕೆ? ಮಾರನೇ ದಿನದಿಂದ ಏನು ಮಾಡಿದರು?

ಹುಡುಕಿದರೆ ಸಿಗುವುದು ಇಷ್ಟು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಹಾರಿತು. ಆ ಯೋಜನೆಯ ನಿರ್ದೇಶಕರು ಕಲಾಂ. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೇ ಹಂತದಲ್ಲಿ ರಾಕೆಟ್ ಹಿಡಿತ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಹೊಣೆ ಹೊತ್ತು ಮಾತಾಡಿದವರು ಆಗಿನ ಇಸ್ರೊ ಅಧ್ಯಕ್ಷ ಸತೀಶ್ ಧವನ್. ಆಮೇಲೆ ಪರಿಶೀಲನೆ ನಡೆಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಕಸ ಸೇರಿ ಮುಚ್ಚಿಕೊಂಡಿರಲಿಲ್ಲ. ಅಲ್ಲಿಂದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಈಗ ಕಥೆ ಬೇರೆಯದನ್ನೇ ಹೇಳುತ್ತಿದೆ. ಅವರು "ಹೆದರಲಿಲ್ಲ" ಎಂಬುದು ಮುಖ್ಯ ಸಂಗತಿಯಾಗಿ ಉಳಿಯಲಿಲ್ಲ. ಸೋತಿದ್ದು ಯಾವ ಹಂತದಲ್ಲಿ, ಯಾವ ಕವಾಟದಲ್ಲಿ ಅಂತ ಕಂಡುಹಿಡಿದರು ಎಂಬುದು ಮುಖ್ಯವಾಯಿತು. ಇದನ್ನು ನಮ್ಮ ಹುಡುಗ ಕೂಡ ಮಾಡಬಹುದು. ಅವನ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಅವನಿಗೆ ಅದೇ ಕೆಲಸ ಮಾಡಿಕೊಡುತ್ತದೆ. ಪೊಳ್ಳು ವಾಕ್ಯದಲ್ಲಿದ್ದಾಗ ಕಲಾಂ ಹೆಸರಿಗೂ ಹುಡುಗನಿಗೂ ಸಂಬಂಧವೇ ಇರಲಿಲ್ಲ, ಈಗ ಇದೆ.

ಆದರೆ ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ನೋಡಿ. ಕಲಾಂ ಅವರ ಹಿಂದೆ ಒಂದು ಸಂಸ್ಥೆ, ಒಂದು ತಂಡ, ಹೊಣೆ ಹೊರುವ ಅಧ್ಯಕ್ಷರು ಇದ್ದರು. ಒಬ್ಬನೇ ಮನೆಯಲ್ಲಿ ಕೂತ ಹುಡುಗನಿಗೆ "ನೀನೂ ಕಲಾಂ ಆಗಬಹುದು" ಅಂತ ಹೇಳಬೇಡಿ. ಬದಲಿಗೆ, ಪತ್ರಿಕೆ ಓದಿ ತಪ್ಪು ತೋರಿಸಲು ಅವನಿಗೂ ಒಬ್ಬರು ಬೇಕು ಅಂತ ಬರೆಯಿರಿ. ಶಾಲೆಯ ಮೇಷ್ಟ್ರ ಬಳಿ ಪ್ರತಿ ತೆಗೆದುಕೊಂಡು ಹೋಗಲು ಹೇಳಿ.

ಕಥೆ ಬಿಚ್ಚಿ ನೋಡಿದಾಗ ಒಳಗೆ ಏನೂ ಸಿಗದಿದ್ದರೆ? ವರ್ಷ ಸಿಗುವುದಿಲ್ಲ, ಜಾಗ ಸಿಗುವುದಿಲ್ಲ, ಒಂದೊಂದು ಕಡೆ ಒಂದೊಂದು ಸಂಖ್ಯೆ ಇರುತ್ತದೆ. ಹಾಗಿದ್ದರೆ ಕಥೆಯನ್ನೇ ಬಿಡಿ. ಫೋಟೋ ಮೇಲೆ ಬರೆದು ಹಂಚುವ ಉದ್ಧರಣೆಗಳಿಗೂ ಇದೇ ನಿಯಮ. ಕಲಾಂ, ವಿವೇಕಾನಂದ, ಕುವೆಂಪು ಹೆಸರಿನಲ್ಲಿ ಬರುವ ಸಾಲು ಯಾವ ಪುಸ್ತಕದ್ದು, ಯಾವ ಭಾಷಣದ್ದು ಅಂತ ನಿಮ್ಮ ಕೈಗೆ ಸಿಗದಿದ್ದರೆ ಅದನ್ನು ಬಳಸಬೇಡಿ.

## ಹಂತ 7: ಮತ್ತೆ ಬರೆಯಿರಿ

ಈಗ ಹಳೆಯ ಪ್ಯಾರಾವನ್ನು ಪಕ್ಕಕ್ಕಿಟ್ಟು, ಅದನ್ನು ನೋಡದೆ ಹೊಸದಾಗಿ ಬರೆಯಿರಿ. ಹಳೆಯದರ ಮೇಲೆಯೇ ತಿದ್ದಲು ಹೋದರೆ ಅದರ ಧಾಟಿ ಬಿಟ್ಟುಹೋಗುವುದಿಲ್ಲ. ನಮ್ಮ ತುಣುಕು ಹೀಗಾಯಿತು:

> ಗಣಿತ ಒಂದರಲ್ಲೇ ಫೇಲಾಗಿದ್ದೀಯಾ? ಹಾಗಿದ್ದರೆ ಒಂದು ವರ್ಷ ಹೋಯಿತು ಅಂತ ಈಗಲೇ ಅಂದುಕೊಳ್ಳಬೇಡ. ಪರೀಕ್ಷೆ-2ರಲ್ಲಿ ಗಣಿತ ಮಾತ್ರ ಬರೆಯಬಹುದು, ಪಾಸಾದರೆ ಇದೇ ವರ್ಷ ಪಿಯುಸಿ ಸೇರಬಹುದು. ಈ ವಾರ ಎರಡು ಕೆಲಸ ಮಾಡು. ಶಾಲೆಗೆ ಹೋಗಿ ಪರೀಕ್ಷೆ-2ಕ್ಕೆ ಹೆಸರು ಕೊಡು. ನಿನ್ನ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕು, ಕೊನೆಯ ದಿನ ಇಂಥದ್ದು. 1979ರಲ್ಲಿ ಕಲಾಂ ಅವರ ತಂಡದ ರಾಕೆಟ್ ಸಮುದ್ರಕ್ಕೆ ಬಿದ್ದಾಗ ಅವರು ಮೊದಲು ಹುಡುಕಿದ್ದು ತಪ್ಪಾದ ಜಾಗವನ್ನು. ಎರಡನೇ ಹಂತದ ಒಂದು ಕವಾಟ ಮುಚ್ಚಿಕೊಂಡಿರಲಿಲ್ಲ. ನಿನ್ನ ಪತ್ರಿಕೆಯಲ್ಲೂ ಹಾಗೇ ನೋಡು: ಅಂಕ ಹೋಗಿದ್ದು ಲೆಕ್ಕ ಗೊತ್ತಿಲ್ಲದೆಯಾ, ಹಂತ ಬರೆಯದೆಯಾ, ಸಮಯ ಸಾಲದೆಯಾ? ಪ್ರತಿಯನ್ನು ಮೇಷ್ಟ್ರಿಗೂ ತೋರಿಸು.

"ನೀವು" ಹೋಗಿ "ನೀನು" ಬಂದಿರುವುದನ್ನು ಗಮನಿಸಿ. ಓದುವವನು ಯಾರು ಅಂತ ನಿಶ್ಚಯವಾದಾಗ ಇದು ತಾನಾಗಿಯೇ ಆಗುತ್ತದೆ. ದೊಡ್ಡವರಿಗೆ ಬರೆಯುವಾಗ "ನೀವು" ಇರಲಿ. ಆದರೆ ಒಂದೇ ಲೇಖನದಲ್ಲಿ ಎರಡೂ ಬೆರೆಯಬಾರದು.

## ಇಲ್ಲಿ ಆಗುವ ತಪ್ಪುಗಳು

ಮೊದಲನೆಯದು, ಸುಳ್ಳು ನಿಖರತೆ. ನಿರ್ದಿಷ್ಟವಾಗಿ ಬರೆಯಿರಿ ಅಂದ ತಕ್ಷಣ "ಶೇಕಡ 90ರಷ್ಟು ಮಕ್ಕಳು", "21 ದಿನದಲ್ಲಿ ಅಭ್ಯಾಸ" ಅಂತ ಸಂಖ್ಯೆ ತುರುಕುವವರಿದ್ದಾರೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಂಖ್ಯೆ ಸವೆದ ಮಾತಿಗಿಂತ ಕೆಟ್ಟದ್ದು, ಯಾಕೆಂದರೆ ಓದುವವರು ಅದನ್ನು ನಂಬುತ್ತಾರೆ.

ಎರಡನೆಯದು, ಎಲ್ಲ ಮಮತೆಯನ್ನೂ ಅಳಿಸಿಬಿಡುವುದು. ಆಗ ಲೇಖನ ಇಲಾಖೆಯ ಸುತ್ತೋಲೆ ಆಗುತ್ತದೆ. "ಫಲಿತಾಂಶ ನೋಡಿದ ದಿನ ಯಾರ ಜೊತೆಗೂ ಮಾತಾಡಬೇಕು ಅನ್ನಿಸದಿದ್ದರೆ ಪರವಾಗಿಲ್ಲ, ಆದರೆ ಮನೆಯಲ್ಲಿ ಒಬ್ಬರಿಗೆ ವಿಷಯ ಹೇಳು" ಎಂಬುದು ಮಮತೆಯ ವಾಕ್ಯವೇ. ಅದು ಪೊಳ್ಳಲ್ಲ, ಒಬ್ಬ ನಿಜವಾದ ಹುಡುಗನಿಗೆ ಹೇಳಿದ್ದು. ಫಲಿತಾಂಶದ ದಿನಗಳಲ್ಲಿ ಕೆಲವು ಮಕ್ಕಳು ತುಂಬಾ ಕುಗ್ಗಿರುತ್ತಾರೆ. ಅವರಿಗಾಗಿ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಲೇಖನದಲ್ಲಿ ಹಾಕಿ. ಸಾಧಕರ ಹೆಸರಿನ ಪಟ್ಟಿಗಿಂತ ಆ ಐದು ಅಂಕಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂರನೆಯದು, ಉದ್ದ ಉಳಿಸಿಕೊಳ್ಳುವ ಆಸೆ. ಪೊಳ್ಳು ತೆಗೆದರೆ ಲೇಖನ ಅರ್ಧಕ್ಕೆ ಇಳಿಯಬಹುದು. ಸುಮ್ನೆ ಹಿಗ್ಗಿಸಬೇಡಿ. ಜಾಗ ತುಂಬಲೇಬೇಕಿದ್ದರೆ ಮೇಷ್ಟ್ರಿಗೆ ಇನ್ನೊಂದು ಫೋನ್ ಮಾಡಿ, ಇನ್ನೊಂದು ಸಂಗತಿ ತನ್ನಿ.

## ಹಂತ 8: ತಲೆಬರಹ ಮತ್ತು ಕೊನೆಯ ಸಾಲು

ಪೊಳ್ಳು ಮಾತು ಕೊನೆಗೆ ಅಡಗುವುದು ಇವೆರಡು ಜಾಗದಲ್ಲಿ. ಒಳಗೆಲ್ಲ ಚೆನ್ನಾಗಿ ತಿದ್ದಿ ಮೇಲೆ "ಸೋಲಿನಿಂದ ಗೆಲುವಿನೆಡೆಗೆ" ಅಂತ ಬಿಟ್ಟಿರುತ್ತಾರೆ. ಮೂರನೇ ಹಂತದ ಪರೀಕ್ಷೆಯನ್ನು ತಲೆಬರಹಕ್ಕೂ ಮಾಡಿ. "ಗಣಿತದಲ್ಲಿ ಫೇಲಾದರೆ ಮೊದಲ ವಾರ ಮಾಡಬೇಕಾದ ಎರಡು ಕೆಲಸ" ಎಂಬುದು ಕಬಡ್ಡಿ ತಂಡಕ್ಕೆ ಹೊಂದುವುದಿಲ್ಲ. ಅದೇ ಬೇಕು.

ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಲೇಖನ ಓದಿ. ಏನೂ ಕಳೆದುಹೋದ ಹಾಗೆ ಅನ್ನಿಸದಿದ್ದರೆ ಆ ಪ್ಯಾರಾ ತೆಗೆಯಿರಿ. ಆಮೇಲೆ ಲೇಖನವನ್ನು ಹತ್ತನೇ ತರಗತಿಯ ಒಬ್ಬ ಹುಡುಗ ಅಥವಾ ಹುಡುಗಿಗೆ ಓದಲು ಕೊಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ನಾಳೆ ಏನು ಮಾಡಬೇಕು ಅಂತ ಇದರಲ್ಲಿದೆ?" ಅಂತ ಕೇಳಿ. ಉತ್ತರ "ಧೈರ್ಯವಾಗಿರಬೇಕು" ಅಂತ ಬಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. "ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು, ಕೊನೆಯ ದಿನ ಇಂಥದ್ದು" ಅಂತ ಬಂದರೆ ಲೇಖನ ಕಳಿಸಬಹುದು.